ಕಾಯುವ ಅವಧಿ: ಎಲ್ಲಿಂದ ಎಣಿಸಬೇಕು, ಎಲ್ಲಿಯವರೆಗೆ?

ಆರೋಗ್ಯ ವಿಮೆಯ ಪಾಲಿಸಿ ಮನೆಗೆ ಬಂದಾಗ ಎಲ್ಲರೂ ಮೊದಲು ನೋಡುವುದು ವಿಮಾ ಮೊತ್ತವನ್ನು. ಸಾಮಾನ್ಯವಾಗಿ ಯಾರೂ ಓದದೆ ಬಿಡುವುದು ‘ಎಕ್ಸ್‌ಕ್ಲೂಷನ್ಸ್’ ಎಂಬ ತಲೆಬರಹದ ಪುಟವನ್ನು. ಕಂಪನಿ ಯಾವ ಖರ್ಚನ್ನು ಎಂದೂ ಕೊಡುವುದಿಲ್ಲ, ಯಾವುದನ್ನು ಇಂತಿಷ್ಟು ಕಾಲ ಕೊಡುವುದಿಲ್ಲ ಎಂಬುದೆಲ್ಲ ಅಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕ್ಲೇಮ್ ತಿರಸ್ಕೃತವಾದ ಪತ್ರ ಬಂದಾಗ ಅದರಲ್ಲಿ ಉಲ್ಲೇಖವಾಗುವುದೂ ಇದೇ ಪುಟದ ಸಂಖ್ಯೆ.

ಒಂದು ಅನುಕೂಲವಿದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಈ ಷರತ್ತುಗಳ ಒಕ್ಕಣೆಯನ್ನು ಎಲ್ಲ ಕಂಪನಿಗಳಿಗೂ ಏಕರೂಪಗೊಳಿಸಿ, ಒಂದೊಂದಕ್ಕೂ ಕೋಡ್ ಕೊಟ್ಟಿತು. 01 ಎಂದರೆ ಮೊದಲೇ ಇದ್ದ ಕಾಯಿಲೆ, 02 ಎಂದರೆ ಪಟ್ಟಿ ಮಾಡಿದ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳು, 03 ಎಂದರೆ ಮೊದಲ 30 ದಿನಗಳು. ಆದ್ದರಿಂದ ಒಂದು ಪಾಲಿಸಿಯಲ್ಲಿ ಈ ವಾಕ್ಯಗಳನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಬೇರೆ ಕಂಪನಿಯ ಪಾಲಿಸಿಯನ್ನೂ ಓದಬಹುದು. ತಿಂಗಳುಗಳ ಸಂಖ್ಯೆ ಬದಲಾಗಬಹುದು.

ಹೆಚ್ಚು ಜನರನ್ನು ಮುಟ್ಟುವ 02ನ್ನೇ ತೆಗೆದುಕೊಳ್ಳೋಣ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿಯಂಥವು ಇದರ ಪಟ್ಟಿಯಲ್ಲಿರುತ್ತವೆ. ಏಜೆಂಟರ ಬಾಯಲ್ಲಿ ಈ ಷರತ್ತು ಹೀಗೆ ಬರುತ್ತದೆ: ‘ಪೊರೆ ಆಪರೇಷನ್‌ಗೆ ಎರಡು ವರ್ಷ ಕಾಯ್ಬೇಕು ಸಾರ್, ಆಮೇಲೆ ಎಲ್ಲಾ ಕವರ್ ಆಗತ್ತೆ.’ ಸುಳ್ಳಲ್ಲ, ಆದರೆ ಅರ್ಧ. ಪುಟದಲ್ಲಿರುವ ಮುಖ್ಯ ಷರತ್ತುಗಳನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

‘ಪಟ್ಟಿಯಲ್ಲಿರುವ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳ ಖರ್ಚನ್ನು 24 ತಿಂಗಳು ಪೂರ್ತಿ ಮುಗಿಯುವವರೆಗೆ ಕೊಡುವುದಿಲ್ಲ. ಈ ತಿಂಗಳುಗಳನ್ನು ನಮ್ಮಲ್ಲಿ ಮಾಡಿಸಿದ ಮೊದಲ ಪಾಲಿಸಿ ಆರಂಭವಾದ ದಿನದಿಂದ ಎಣಿಸಬೇಕು. ಅಷ್ಟೂ ಕಾಲ ವಿಮೆ ಎಡೆಬಿಡದೆ ಜಾರಿಯಲ್ಲಿರಬೇಕು. ಅಪಘಾತದಿಂದ ಉಂಟಾದ ಕ್ಲೇಮ್‌ಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ವಿಮಾ ಮೊತ್ತವನ್ನು ಹೆಚ್ಚಿಸಿಕೊಂಡರೆ, ಹೆಚ್ಚಿದ ಭಾಗದ ಮಟ್ಟಿಗೆ ಕಾಯುವ ಅವಧಿ ಹೊಸದಾಗಿ ಆರಂಭವಾಗುತ್ತದೆ. ಇದೇ ಕಾಯಿಲೆ ಮೊದಲೇ ಇದ್ದ ಕಾಯಿಲೆಯೂ ಆಗಿದ್ದರೆ, ಎರಡು ಕಾಯುವ ಅವಧಿಗಳಲ್ಲಿ ದೀರ್ಘವಾದದ್ದು ಅನ್ವಯಿಸುತ್ತದೆ.’

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಇವನ್ನೆಲ್ಲ ಒಂದೇ ವಾಕ್ಯಕ್ಕೆ ತುರುಕಿದರೆ ಓದುಗ ನಡುದಾರಿಯಲ್ಲೇ ಕಳೆದುಹೋಗುತ್ತಾನೆ. ವಾಕ್ಯ ಹಗುರವಾಗಲಿ ಎಂದು ಅನುವಾದಕರು ಆಗ ಏನನ್ನಾದರೂ ಕೈಬಿಡುತ್ತಾರೆ, ಸಾಮಾನ್ಯವಾಗಿ ‘ಎಡೆಬಿಡದೆ’ಯನ್ನು ಅಥವಾ ‘ಹೆಚ್ಚಿದ ಭಾಗದ ಮಟ್ಟಿಗೆ’ಯನ್ನು. ಒಂದು ಷರತ್ತಿಗೆ ಒಂದು ವಾಕ್ಯ ಎಂದು ಬಿಡಿಸಿ ಬರೆಯುವುದೇ ಸರಿಯಾದ ದಾರಿ.

‘ಎಡೆಬಿಡದೆ’ ಎಂದರೂ ಒಂದು ದಿನ ತಡವಾದರೆ ಎಲ್ಲ ಹೋಯಿತು ಎಂದಲ್ಲ. ವರ್ಷಕ್ಕೊಮ್ಮೆ ಪ್ರೀಮಿಯಂ ಕಟ್ಟುವವರಿಗೆ ನವೀಕರಣಕ್ಕೆ 30 ದಿನಗಳ ರಿಯಾಯಿತಿ ಇದೆ. ಅಷ್ಟರೊಳಗೆ ಕಟ್ಟಿದರೆ ಹಿಂದೆ ಕಾಯ್ದ ತಿಂಗಳುಗಳು ವ್ಯರ್ಥವಾಗುವುದಿಲ್ಲ. ಆದರೆ ಹಣ ಕಟ್ಟದೆ ಉಳಿದ ಆ ನಡುವಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಆ ಖರ್ಚಿಗೆ ರಕ್ಷಣೆ ಇರುವುದಿಲ್ಲ.

ಇನ್ನು ಲೆಕ್ಕ. 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಪ್ರಮಾಣಿತ ಪಾಲಿಸಿಯ ಮಾದರಿಯಲ್ಲಿ ಪೊರೆ ಚಿಕಿತ್ಸೆಗೆ ಒಂದು ಮಿತಿಯಿದೆ: ಒಂದು ಪಾಲಿಸಿ ವರ್ಷದಲ್ಲಿ ಒಂದೊಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕೊಡಬೇಕಾದ ಮೊತ್ತದಲ್ಲಿ ಶೇ. 5ನ್ನು ನಾವೇ ಭರಿಸಬೇಕು.

ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ಬರು 2024ರ ಜೂನ್ 10ರಂದು ಇಂಥ ಪಾಲಿಸಿಯನ್ನು 1 ಲಕ್ಷಕ್ಕೆ ಮಾಡಿಸಿದರು, ಮರುವರ್ಷದ ನವೀಕರಣದಲ್ಲಿ 3 ಲಕ್ಷಕ್ಕೆ ಏರಿಸಿದರು ಎಂದುಕೊಳ್ಳಿ. 2026ರ ಜುಲೈನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದಾಗ ಬಿಲ್ 60,000 ರೂಪಾಯಿ. ಎರಡು ವರ್ಷ ದಾಟಿದೆ, 3 ಲಕ್ಷದ ಕಾಲುಭಾಗವೆಂದರೆ 75,000, ಹಾಗಾಗಿ ಬಿಲ್ ಪೂರ್ತಿ ಬರುತ್ತದೆ ಎಂದು ಮನೆಯವರು ಎಣಿಸುತ್ತಾರೆ. ಪುಟದ ಪ್ರಕಾರ 24 ತಿಂಗಳು ಮುಗಿದಿರುವುದು ಮೊದಲ 1 ಲಕ್ಷಕ್ಕೆ ಮಾತ್ರ. ಏರಿಸಿದ 2 ಲಕ್ಷ 2027ರ ಜೂನ್‌ವರೆಗೆ ಕಾಯಬೇಕು. ಆದ್ದರಿಂದ ಈಗ ಲೆಕ್ಕಕ್ಕೆ ಬರುವುದು 1 ಲಕ್ಷದ ಶೇ. 25, ಅಂದರೆ 25,000. ಅದು 40,000ಕ್ಕಿಂತ ಕಡಿಮೆ, ಹಾಗಾಗಿ ಅದೇ ಮಿತಿ. ಅದರಲ್ಲಿ ಶೇ. 5 ಕಳೆದರೆ ಕೈಗೆ ಬರುವುದು 23,750 ರೂಪಾಯಿ. 2027ರ ಜೂನ್ ದಾಟಿದ ಮೇಲೆ ಮಾಡಿಸಿದ್ದರೂ 75,000 ಬರುತ್ತಿರಲಿಲ್ಲ; 40,000ದ ಮಿತಿ ಅಡ್ಡ ಬಂದು, ಶೇ. 5 ಕಳೆದು 38,000 ಸಿಗುತ್ತಿತ್ತು. ‘ಯಾವುದು ಕಡಿಮೆಯೋ ಅದು’ ಎಂಬ ಮೂರು ಪದ ಅನುವಾದದಲ್ಲಿ ಬಿಟ್ಟುಹೋದರೆ ‘ಅಥವಾ’ ನಮ್ಮ ಆಯ್ಕೆಯಂತೆ ಕೇಳಿಸುತ್ತದೆ.

ಇದೇ ಕಥೆಯಲ್ಲಿ ಇನ್ನೊಂದು ಸಣ್ಣ ಸಂಗತಿ ಸೇರಿಸಿ. 2023ರಲ್ಲೇ ಕಣ್ಣಿನ ವೈದ್ಯರು ‘ಪೊರೆ ಶುರುವಾಗಿದೆ, ಬಲಿತ ಮೇಲೆ ತೆಗೆಸೋಣ’ ಎಂದು ಚೀಟಿ ಬರೆದುಕೊಟ್ಟಿದ್ದರು. ಈಗಿನ ವ್ಯಾಖ್ಯಾನದಲ್ಲಿ ಮೊದಲೇ ಇದ್ದ ಕಾಯಿಲೆ ಎಂದರೆ, ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ್ದು, ಅಥವಾ ಆ ಅವಧಿಯಲ್ಲಿ ವೈದ್ಯರು ಸಲಹೆ ಇಲ್ಲವೇ ಚಿಕಿತ್ಸೆ ಸೂಚಿಸಿದ್ದು ಅಥವಾ ಕೊಟ್ಟದ್ದು. ಔಷಧ ಹಾಕಿಕೊಳ್ಳದಿದ್ದರೂ ಆ ಚೀಟಿ ಸಾಕು. ಈ ವರ್ಗಕ್ಕೆ ಪಾಲಿಸಿಯಲ್ಲಿ 36 ತಿಂಗಳ ಅವಧಿ ಇದ್ದರೆ (2024ರ ಏಪ್ರಿಲ್‌ನಿಂದ ಅದೇ ಗರಿಷ್ಠ, ಮೊದಲು 48 ಇತ್ತು), ದೀರ್ಘವಾದದ್ದು ಅನ್ವಯಿಸುವುದರಿಂದ 2026ರ ಜುಲೈನಲ್ಲಿ ಏನೂ ಸಿಗುವುದಿಲ್ಲ. ಅವಧಿ ಮುಗಿದ ಮೇಲೂ ಹಣ ಸಿಗಬೇಕಾದರೆ ಅರ್ಜಿಯಲ್ಲಿ ಆ ಕಾಯಿಲೆಯನ್ನು ತಿಳಿಸಿರಬೇಕು, ಕಂಪನಿ ಒಪ್ಪಿರಬೇಕು. ಅರ್ಜಿಯನ್ನು ಏಜೆಂಟರೇ ತುಂಬಿ ನಮ್ಮಿಂದ ಸಹಿ ಮಾತ್ರ ಹಾಕಿಸಿಕೊಳ್ಳುವ ಪದ್ಧತಿ ನಿಜವಾಗಿ ಅಪಾಯಕಾರಿಯಾಗುವುದು ಇಲ್ಲಿಯೇ.

ಬದಲಿಗೆ ಕಣ್ಣಿಗೆ ಪೆಟ್ಟು ಬಿದ್ದು ಪೊರೆ ಬಂದಿದ್ದರೆ? ಅದು ಅಪಘಾತ. 24 ತಿಂಗಳ ನಿರ್ಬಂಧ ಅನ್ವಯಿಸುವುದಿಲ್ಲ. ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿ ಮಾತ್ರ ಉಳಿಯುತ್ತದೆ, ಏಕೆಂದರೆ ವಿನಾಯಿತಿ ಇರುವುದು ಕಾಯುವ ಅವಧಿಯ ಷರತ್ತಿಗೆ, ಹಣದ ಮಿತಿಗಲ್ಲ. ಯಾವ ವಿನಾಯಿತಿ ಯಾವ ಷರತ್ತಿಗೆ ಸೇರಿದ್ದು ಎಂಬುದನ್ನು ಅನುವಾದ ಮಸುಕಾಗಿಸಬಾರದು.

ಪಾಲಿಸಿಯ ಜೊತೆ ಕಂಪನಿ ಕೊಡಬೇಕಾದ ‘ಗ್ರಾಹಕ ಮಾಹಿತಿ ಪತ್ರ’ದಲ್ಲಿ ಕಾಯುವ ಅವಧಿ, ಮಿತಿ, ಹೊರಗಿಟ್ಟ ಖರ್ಚುಗಳ ಸಾರಾಂಶ ಇರುತ್ತದೆ. ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆಂಬ ನಿಯಮವಿದೆ. ಕನ್ನಡದ್ದನ್ನೇ ಕೇಳಿ ಪಡೆಯಿರಿ. ಆದರೆ ಪತ್ರಕ್ಕೂ ಪಾಲಿಸಿಗೂ ವ್ಯತ್ಯಾಸ ಬಂದರೆ ಪಾಲಿಸಿಯ ಮಾತೇ ಅಂತಿಮ ಎಂದು ಆ ಪತ್ರದಲ್ಲೇ ಬರೆದಿರುತ್ತದೆ. ಆದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ದಿನಾಂಕ, ತಿಂಗಳು, ರೂಪಾಯಿ ಮತ್ತು ‘ಯಾವುದು ಕಡಿಮೆಯೋ’, ‘ಯಾವುದು ದೀರ್ಘವೋ’ ಎಂಬ ಮಾತುಗಳು ಎರಡರಲ್ಲೂ ಒಂದೇ ಇವೆಯೇ ಎಂದು ನೋಡಿ. ಪಾಲಿಸಿ ಪತ್ರ ಕೈಸೇರಿದ ದಿನದಿಂದ 30 ದಿನ ಅದನ್ನು ಹಿಂತಿರುಗಿಸಲು ಅವಕಾಶವಿದೆ. ಕಂಪನಿ ಕೆಲವು ಖರ್ಚುಗಳನ್ನು ಹಿಡಿದುಕೊಂಡು ಉಳಿದ ಪ್ರೀಮಿಯಂ ಮರಳಿಸುತ್ತದೆ. ಓದುವ ಕೆಲಸವನ್ನು ಆ 30 ದಿನಗಳೊಳಗೆ ಮುಗಿಸಿಕೊಳ್ಳಿ.