ಬಿಳಿ ಹಾಳೆಗೆ ಎಷ್ಟು ನಿಟ್?

ಪೆಟ್ಟಿಗೆಯ ಮೇಲೆ ‘ಎಚ್‌ಡಿಆರ್’ ಎಂದು ದೊಡ್ಡದಾಗಿ ಮುದ್ರಿಸಿದ ಮಾನಿಟರ್ ಮನೆಗೆ ಬರುತ್ತದೆ. ಕೇಬಲ್ ಸಿಕ್ಕಿಸಿ, ವಿಂಡೋಸ್‌ನ Settings ತೆರೆದು, System, ಅದರೊಳಗೆ Display, ಅಲ್ಲಿ Use HDR ಎಂಬ ಸ್ವಿಚ್ ಒತ್ತಿದ್ದೂ ಆಗುತ್ತದೆ. ಪರದೆ ಎರಡು ಮೂರು ಸೆಕೆಂಡು ಕಪ್ಪಾಗಿ ಮತ್ತೆ ಬೆಳಗುತ್ತದೆ. ನೋಡಿದರೆ ವರ್ಡ್‌ನ ಬಿಳಿ ಹಾಳೆ ಬೂದಿ ಬಳಿದಂತೆ ಕಾಣುತ್ತಿದೆ. ಇಷ್ಟು ಹೊತ್ತು ಕಪ್ಪಗಿದ್ದ ಜಾಗದ ಮೇಲೆ ತೆಳ್ಳನೆಯ ಮಂಜು ಕವಿದಿದೆ. ಬೆಳಕು ಹೆಚ್ಚಿಸೋಣವೆಂದು ಮಾನಿಟರ್‌ನ ಗುಂಡಿ ಒತ್ತಿದರೆ, ಎಷ್ಟೋ ಮಾದರಿಗಳಲ್ಲಿ ಆ ಆಯ್ಕೆಗೇ ಬೀಗ ಬಿದ್ದಿರುತ್ತದೆ. ಐದು ನಿಮಿಷದಲ್ಲಿ ಎಚ್‌ಡಿಆರ್ ಆರಿಸಿ, ಮತ್ತೆ ಅದರ ತಂಟೆಗೆ ಹೋಗದವರೇ ಹೆಚ್ಚು.

ಈ ಒಂದು ದೂರಿನಲ್ಲಿ ಎರಡು ದೂರುಗಳು ಬೆರೆತಿವೆ. ಬಿಳಿ ಬಿಳಿಯಾಗಿಲ್ಲ ಎನ್ನುವುದು ಒಂದು, ಕಪ್ಪು ಕಪ್ಪಾಗಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು ಒಂದು ಸ್ಲೈಡರ್ ಸರಿಸಿದರೆ ಹೋಗುತ್ತದೆ. ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಕೆಲವು ಮಾನಿಟರ್‌ಗಳಲ್ಲಿ ಬಗ್ಗುವುದೇ ಇಲ್ಲ.

ಬಿಳಿಯಿಂದಲೇ ಶುರುಮಾಡೋಣ. ಹಳೆಯ ಪದ್ಧತಿಯಲ್ಲಿ, ಅಂದರೆ ಎಸ್‌ಡಿಆರ್‌ನಲ್ಲಿ, ಕಂಪ್ಯೂಟರ್ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗಿನ ಒಂದು ಸಂಖ್ಯೆ ಕಳಿಸುತ್ತದೆ. 255 ಎಂದರೆ ‘ನಿನ್ನ ಕೈಲಾದಷ್ಟು ಬೆಳಗು’ ಎಂದರ್ಥ. ಎಷ್ಟು ಬೆಳಕು ಎಂಬುದನ್ನು ಮಾನಿಟರ್‌ನ ಗುಂಡಿಯೇ ತೀರ್ಮಾನಿಸುತ್ತಿತ್ತು, ಕಂಪ್ಯೂಟರ್‌ಗೆ ಅದರ ಗೊಡವೆಯೇ ಇರಲಿಲ್ಲ. ಎಚ್‌ಡಿಆರ್‌ನ ಲೆಕ್ಕ ಬೇರೆ. ಅಲ್ಲಿ ಹೋಗುವ ಸಂಖ್ಯೆಯೇ ಬೆಳಕಿನ ಅಳತೆ. ಅಳತೆಯ ಮಾನದ ಹೆಸರು ನಿಟ್: ಒಂದು ಚದರ ಮೀಟರ್ ಮೇಲ್ಮೈಗೆ ಒಂದು ಕ್ಯಾಂಡೆಲಾ, ಹೆಚ್ಚುಕಡಿಮೆ ಒಂದು ಮೇಣದಬತ್ತಿಯಷ್ಟು ಬೆಳಕು. ಪಿಕ್ಯೂ ಎಂದು ಕರೆಯುವ ಎಚ್‌ಡಿಆರ್ ಸಂಕೇತ ಸೊನ್ನೆಯಿಂದ 10,000 ನಿಟ್‌ವರೆಗೆ ಹೇಳಬಲ್ಲದು. ‘ಈ ಚುಕ್ಕೆ 120 ನಿಟ್, ಆ ಸೂರ್ಯನ ಹೊಳಪು 900 ನಿಟ್’ ಎಂದು ಕಂಪ್ಯೂಟರ್ ಹೇಳುತ್ತದೆ, ಮಾನಿಟರ್ ತನ್ನ ಶಕ್ತಿ ಇರುವಷ್ಟು ಪಾಲಿಸುತ್ತದೆ. ಗುಂಡಿಗೆ ಬೀಗ ಬೀಳುವುದಕ್ಕೆ ಇದೇ ಕಾರಣ.

ಈಗ ತೊಡಕು ಎಲ್ಲಿದೆ ಎಂಬುದು ಕಾಣುತ್ತದೆ. ವರ್ಡ್‌ಗೆ, ಎಕ್ಸೆಲ್‌ಗೆ, ಲೆಕ್ಕಪತ್ರದ ತಂತ್ರಾಂಶಕ್ಕೆ ನಿಟ್ ಎಂದರೆ ಏನೆಂದೇ ತಿಳಿಯದು. ಅವು ಇಂದಿಗೂ 255 ಎಂದೇ ಹೇಳುತ್ತವೆ. ಆ 255 ಎಷ್ಟು ನಿಟ್ ಎಂದು ಯಾರಾದರೂ ನಿರ್ಧರಿಸಲೇಬೇಕು. ನಿರ್ಧರಿಸುವುದು ವಿಂಡೋಸ್. ಅದರ ಕನಿಷ್ಠ ಉತ್ತರ 80 ನಿಟ್. ಗಾಜಿನ ಕೊಳವೆಯ ದಪ್ಪ ಮಾನಿಟರ್‌ಗಳ ಕಾಲದಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಮಾನದಂಡ ಬಿಳಿಗೆ ಗೊತ್ತುಮಾಡಿದ ಬೆಳಕು ಅಷ್ಟೇ. ಮಬ್ಬು ಬೆಳಕಿನ ಕೋಣೆಗೆ ಅದು ಸಾಕು. ಕಿಟಕಿ ತೆರೆದ ಹಗಲಿನ ಕೋಣೆಯಲ್ಲಿ 80 ನಿಟ್‌ನ ಹಾಳೆ ಬೂದು ಬಣ್ಣವಾಗಿಯೇ ಕಾಣುತ್ತದೆ.

ಇದನ್ನು ಬದಲಿಸುವ ಜಾಗ Use HDR ಸ್ವಿಚ್‌ನ ಪಕ್ಕದಲ್ಲೇ ಇದೆ. ಅದರ ಬಲಬದಿಯ ಬಾಣದ ಗುರುತನ್ನು ಒತ್ತಿದರೆ SDR content brightness ಎಂಬ ಸ್ಲೈಡರ್ ಕಾಣುತ್ತದೆ. ಹೊರಗಿನಿಂದ ಜೋಡಿಸಿದ ಮಾನಿಟರ್‌ಗಳಲ್ಲಿ ಇದರ ಲೆಕ್ಕ ನೇರ: ಸೊನ್ನೆ ಎಂದರೆ 80 ನಿಟ್, ನೂರು ಎಂದರೆ 480, ನಡುವಿನ ಒಂದೊಂದು ಹೆಜ್ಜೆಗೆ 4 ನಿಟ್. ಸ್ಲೈಡರ್ 10ರಲ್ಲಿದ್ದರೆ ಬಿಳಿ ಹಾಳೆಗೆ 120 ನಿಟ್, 30ರಲ್ಲಿದ್ದರೆ 200. ಈ 200 ಒಳ್ಳೆಯ ಗುರುತುಕಲ್ಲು. ಎಚ್‌ಡಿಆರ್ ಕಾರ್ಯಕ್ರಮ ತಯಾರಿಸುವವರಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೂಚಿಸಿರುವ ಬಿಳಿಯ ಮಟ್ಟ 203 ನಿಟ್. ಅಂದರೆ ಸ್ಲೈಡರ್ 30ರ ಆಸುಪಾಸಿನಲ್ಲಿದ್ದರೆ ಕಿಟಕಿಯೊಂದರಲ್ಲಿ ಓಡುವ ಸಿನಿಮಾದ ಬಿಳಿ ಗೋಡೆಯೂ ಪಕ್ಕದ ಕಿಟಕಿಯ ಬಿಳಿ ಹಾಳೆಯೂ ಒಂದೇ ಬೆಳಕಿನಲ್ಲಿ ಕೂರುತ್ತವೆ.

ಆದರೆ ಮಾನಿಟರ್‌ಗಳು ಹೇಳಿದ ಅಳತೆಯನ್ನು ತೂಕಕ್ಕೆ ತೂಕ ಪಾಲಿಸುವುದಿಲ್ಲ. ಅದಕ್ಕೇ ಲೆಕ್ಕದ ಜೊತೆಗೆ ಒಂದು ಪರೀಕ್ಷೆ ಬೇಕು, ಅದಕ್ಕೆ ಮೊಬೈಲ್ ಕ್ಯಾಮೆರಾ ಸಾಕು. ಮೊದಲು ಎಚ್‌ಡಿಆರ್ ಆರಿಸಿ, ಕಣ್ಣಿಗೆ ಹಿತವಾಗುವಂತೆ ಮಾನಿಟರ್ ಹೊಂದಿಸಿ, ನೋಟ್‌ಪ್ಯಾಡ್‌ನ ಖಾಲಿ ಬಿಳಿ ಪುಟವನ್ನು ಅರ್ಧ ಪರದೆಗೆ ತೆರೆಯಬೇಕು. ಮೊಬೈಲನ್ನು ಒಂದು ಕಡೆ ಅಲುಗದಂತೆ ಒರಗಿಸಿ, ಕ್ಯಾಮೆರಾದ ಎಕ್ಸ್‌ಪೋಷರ್ ಲಾಕ್ ಮಾಡಿ ಒಂದು ಫೋಟೋ ತೆಗೆಯಬೇಕು. ಲಾಕ್ ಮಾಡದಿದ್ದರೆ ಕ್ಯಾಮೆರಾ ತಾನೇ ಬೆಳಕು ಸರಿದೂಗಿಸಿಕೊಂಡು ಪರೀಕ್ಷೆಯನ್ನೇ ಕೆಡಿಸುತ್ತದೆ. ಫೋಟೋದಲ್ಲಿ ಪುಟ ಪೂರ್ತಿ ಬೆಳ್ಳಗಾಗಿ ಹೋಗದೆ, ತಿಳಿ ಬೂದಿನಲ್ಲಿ ಉಳಿಯುವಂತೆ ಎಕ್ಸ್‌ಪೋಷರ್ ತಗ್ಗಿಸಿರುವುದು ಒಳ್ಳೆಯದು. ಆಮೇಲೆ ಕೀಬೋರ್ಡಿನಲ್ಲಿ Win+Alt+B ಒತ್ತಿದರೆ ಎಚ್‌ಡಿಆರ್ ಹತ್ತಿಕೊಳ್ಳುತ್ತದೆ. ಅದೇ ಜಾಗದಿಂದ, ಅದೇ ಲಾಕ್‌ನಲ್ಲಿ ಮತ್ತೆ ಫೋಟೋ ತೆಗೆದು, ಎರಡೂ ಒಂದೇ ರೀತಿ ಕಾಣುವವರೆಗೆ ಸ್ಲೈಡರ್ ಸರಿಸಬೇಕು. ಮೂರು ನಾಲ್ಕು ಸಲದಲ್ಲಿ ಹೊಂದಿಕೆ ಸಿಗುತ್ತದೆ.

ಓಲೆಡ್ ಮಾನಿಟರ್ ಇದ್ದವರು ಇನ್ನೊಂದನ್ನು ಗಮನಿಸಬೇಕು. ಓಲೆಡ್ ಫಲಕ ಸಣ್ಣ ಜಾಗವನ್ನು ಬಹಳ ಪ್ರಖರವಾಗಿ ಬೆಳಗಬಲ್ಲದು, ಇಡೀ ಪರದೆಯನ್ನು ಅಷ್ಟೇ ಪ್ರಖರವಾಗಿ ಬೆಳಗಲಾರದು. ಸಣ್ಣ ಕಿಟಕಿಯಲ್ಲಿದ್ದ ಎಕ್ಸೆಲ್ ಹಾಳೆಯನ್ನು ಪೂರ್ತಿ ಪರದೆಗೆ ಹಿಗ್ಗಿಸಿದ ತಕ್ಷಣ ಬಿಳಿ ಮಂಕಾದರೆ, ಸ್ಲೈಡರ್ ಫಲಕದ ಶಕ್ತಿ ಮೀರಿ ನಿಂತಿದೆ ಎಂದರ್ಥ. ಆ ಏರಿಳಿತ ನಿಲ್ಲುವವರೆಗೆ ಅದನ್ನು ಕೆಳಗಿಳಿಸುವುದೇ ದಾರಿ.

ಬಿಳಿ ಸರಿಹೋಯಿತು. ಇನ್ನು ಕಪ್ಪಿನ ಮೇಲಿನ ಮಂಜು.

ಇದರ ಒಂದು ಕಾರಣ ಗಣಿತದ್ದು. 0 ಮತ್ತು 255ರ ನಡುವಿನ ಸಂಖ್ಯೆಗಳನ್ನು ಬೆಳಕಾಗಿ ಪರಿವರ್ತಿಸಲು ಒಂದು ವಕ್ರರೇಖೆ ಬೇಕು. ಬಹುತೇಕ ಮಾನಿಟರ್‌ಗಳು ಎಸ್‌ಡಿಆರ್‌ನಲ್ಲಿ ಬಳಸುವುದು ಗಾಮಾ 2.2 ಎಂಬ ರೇಖೆ: ಸಂಖ್ಯೆಯನ್ನು 255ರಿಂದ ಭಾಗಿಸಿ 2.2ರ ಘಾತಕ್ಕೆ ಏರಿಸುವುದು. ಎಚ್‌ಡಿಆರ್ ಹತ್ತಿಸಿದಾಗ ಈ ಪರಿವರ್ತನೆಯನ್ನು ವಿಂಡೋಸ್ ತನ್ನ ಕೈಗೆ ತೆಗೆದುಕೊಳ್ಳುತ್ತದೆ, ಎಸ್‌ಆರ್‌ಜಿಬಿ ಮಾನದಂಡದ ರೇಖೆಯನ್ನು ಅಕ್ಷರಶಃ ಬಳಸುತ್ತದೆ. ಎರಡು ರೇಖೆಗಳೂ ಮೇಲ್ಭಾಗದಲ್ಲಿ ಅಣ್ಣತಮ್ಮಂದಿರಂತೆ ಜೊತೆಗೇ ಸಾಗುತ್ತವೆ. ಸೊನ್ನೆಯ ಹತ್ತಿರ ಮಾತ್ರ ಎಸ್‌ಆರ್‌ಜಿಬಿ ರೇಖೆ ಬಾಗದೆ ನೇರವಾಗಿ ಇಳಿಯುತ್ತದೆ.

ಬಿಳಿಗೆ 120 ನಿಟ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಅಂತರ ಎದ್ದು ಕಾಣುತ್ತದೆ. ನಡುಮಧ್ಯದ 128 ಎಂಬ ಬೂದು ಬಣ್ಣ ಎರಡೂ ರೇಖೆಗಳಲ್ಲಿ ಸುಮಾರು 26 ನಿಟ್. ಕಡುಗಪ್ಪಿಗೆ ಹತ್ತಿರದ 10 ಎಂಬ ಸಂಖ್ಯೆ ಗಾಮಾ 2.2ರಲ್ಲಿ 0.10 ನಿಟ್ ಆದರೆ, ಎಸ್‌ಆರ್‌ಜಿಬಿಯಲ್ಲಿ 0.36. ಮೂರೂವರೆ ಪಟ್ಟಿಗೂ ಹೆಚ್ಚು! ರಾತ್ರಿಯ ದೃಶ್ಯದ ಹಳೆಯ ಫೋಟೋ, ಕಪ್ಪು ಹಿನ್ನೆಲೆಯ ತಂತ್ರಾಂಶ, ಎಚ್‌ಡಿಆರ್ ಅಲ್ಲದ ವಿಡಿಯೋ, ಇವುಗಳ ನೆರಳೆಲ್ಲ ಈ ಕಾರಣಕ್ಕೇ ತೆಳುವಾಗುತ್ತದೆ. ಪೂರ್ತಿ ಕಪ್ಪಿಗೆ, ಅಂದರೆ 0ಗೆ, ಈ ದೋಷ ತಾಗುವುದಿಲ್ಲ. ಎರಡೂ ರೇಖೆಗಳಲ್ಲಿ ಸೊನ್ನೆ ಸೊನ್ನೆಯೇ.

ಈ ಕೊನೆಯ ಮಾತೇ ಎರಡನೆಯ ಕಾರಣವನ್ನು ಪತ್ತೆಹಚ್ಚುವ ಕೀಲಿ. ರಾತ್ರಿ ದೀಪ ಆರಿಸಿ, ಪೂರ್ತಿ ಕಪ್ಪು ಚಿತ್ರವೊಂದನ್ನು ಇಡೀ ಪರದೆಗೆ ತೆರೆದು, ಎಚ್‌ಡಿಆರ್ ಒಮ್ಮೆ ಹತ್ತಿಸಿ ಒಮ್ಮೆ ಆರಿಸಿ ನೋಡಬೇಕು. ಕಪ್ಪು ಎರಡರಲ್ಲೂ ಒಂದೇ ತರಹ ಇದ್ದರೆ ತೊಂದರೆ ರೇಖೆಯದು. ಎಚ್‌ಡಿಆರ್‌ನಲ್ಲಿ ಆ ಕಪ್ಪೇ ಬೆಳಗಿ ಬೂದಾದರೆ ತೊಂದರೆ ಬ್ಯಾಕ್‌ಲೈಟ್‌ನದು.

‘ಡಿಸ್‌ಪ್ಲೇಎಚ್‌ಡಿಆರ್ 400’ ಎಂಬ ಗುರುತಿನ ಮಾನಿಟರ್‌ಗಳಲ್ಲಿ ಇದು ಸಾಮಾನ್ಯ. ವೀಸಾ ಎಂಬ ಮಾನದಂಡ ಸಂಸ್ಥೆ 2017ರಲ್ಲಿ ತಂದ ಈ ಶ್ರೇಣಿಯ ಕೆಳಮೆಟ್ಟಿಲು 400. ಬ್ಯಾಕ್‌ಲೈಟನ್ನು ತುಂಡು ತುಂಡಾಗಿ ಬೇರೆ ಬೇರೆ ಮಟ್ಟಕ್ಕೆ ಇಳಿಸುವ ಏರ್ಪಾಡನ್ನು ಆ ಮೆಟ್ಟಿಲು ಬೇಡುವುದಿಲ್ಲ. ಸಾಧಾರಣ ಐಪಿಎಸ್ ಫಲಕವೊಂದನ್ನು ತೆಗೆದುಕೊಳ್ಳಿ. ಅದರ ಬಿಳಿ ಮತ್ತು ಕಪ್ಪಿನ ಅನುಪಾತ 1000ಕ್ಕೆ 1. ಎಸ್‌ಡಿಆರ್‌ನಲ್ಲಿ 120 ನಿಟ್‌ಗೆ ಇಟ್ಟರೆ ಬ್ಯಾಕ್‌ಲೈಟೇ ತಗ್ಗುತ್ತದೆ, ಕಪ್ಪು 0.12 ನಿಟ್‌ಗೆ ಇಳಿಯುತ್ತದೆ. ಎಚ್‌ಡಿಆರ್‌ನಲ್ಲಿ ಬ್ಯಾಕ್‌ಲೈಟ್ 400 ನಿಟ್‌ಗೆ ಏರಿ ಅಲ್ಲೇ ನಿಲ್ಲುತ್ತದೆ, ಯಾವ ಕ್ಷಣದಲ್ಲಿ ಪ್ರಖರ ದೃಶ್ಯ ಬಂದೀತೋ ಎಂದು. ಬಿಳಿ ಹಾಳೆಯನ್ನು 120 ನಿಟ್‌ಗೆ ತರಲು ದ್ರವಹರಳಿನ ಬಾಗಿಲುಗಳು ಅರ್ಧಂಬರ್ಧ ಮುಚ್ಚಿಕೊಳ್ಳುತ್ತವೆ. ಕಪ್ಪಿಗೆ ಬಾಗಿಲು ಪೂರ್ತಿ ಮುಚ್ಚಿದರೂ ಹಿಂದಿನ ದೀಪದ ಸಾವಿರದಲ್ಲೊಂದು ಭಾಗ ಸೋರುತ್ತದೆ, ಅಂದರೆ 0.40 ನಿಟ್. ಬಿಳಿ ಅಷ್ಟೇ, ಕಪ್ಪು ಮೂರು ಪಟ್ಟಿಗಿಂತ ಹೆಚ್ಚು. 1000ಕ್ಕೆ 1 ಇದ್ದದ್ದು ಈಗ 300ಕ್ಕೆ 1. ಇದನ್ನು ವಿಂಡೋಸ್‌ನ ಯಾವ ಸೆಟ್ಟಿಂಗೂ ಸರಿಪಡಿಸಲಾರದು.

ಇಲ್ಲಿ ಬಹಳ ಜನ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೊಟ್ಟಿರುವ Windows HDR Calibration ಎಂಬ ಉಚಿತ ಸಾಧನದ ಮೊರೆಹೋಗುತ್ತಾರೆ. ಅದರ ಮೊದಲ ಮೂರು ಪರೀಕ್ಷಾ ಚಿತ್ರಗಳು ಫಲಕದ ಅತಿ ಕಪ್ಪು, ಸಣ್ಣ ಜಾಗದ ಅತಿ ಬೆಳಕು, ಇಡೀ ಪರದೆಯ ಅತಿ ಬೆಳಕು ಇವನ್ನು ಗುರುತಿಸಿಕೊಳ್ಳುತ್ತವೆ. ಎಚ್‌ಡಿಆರ್ ಆಟಗಳಿಗೆ ಇದರಿಂದ ನಿಜವಾದ ಉಪಯೋಗವಿದೆ. ಬಿಳಿ ಹಾಳೆಯ ನಿಟ್ ಎಷ್ಟು, ನೆರಳಿನ ರೇಖೆ ಯಾವುದು ಎಂಬುದನ್ನು ಅದು ಮುಟ್ಟುವುದಿಲ್ಲ.

ರೇಖೆಯ ದೋಷಕ್ಕೆ ಮದ್ದು ಇದೆ, ಪಥ್ಯವೂ ಇದೆ. ಎಸ್‌ಆರ್‌ಜಿಬಿ ರೇಖೆಯನ್ನು ಗಾಮಾ 2.2ಕ್ಕೆ ಬಾಗಿಸುವ ಬಣ್ಣದ ಪ್ರೊಫೈಲ್‌ಗಳನ್ನು ಹವ್ಯಾಸಿಗಳು ತಯಾರಿಸಿ ಉಚಿತವಾಗಿ ಹಂಚುತ್ತಾರೆ. ವಿಂಡೋಸ್ 11ರಲ್ಲಿ Display ಪುಟದ Color profile ವಿಭಾಗದಿಂದ ಅವನ್ನು ಸೇರಿಸಬಹುದು. ಒಂದೊಂದು ಪ್ರೊಫೈಲೂ ಒಂದೊಂದು ಬಿಳಿ ಮಟ್ಟಕ್ಕೆ ಕಟ್ಟಿದ್ದು: 120 ನಿಟ್‌ನದನ್ನು ಹಾಕಿ ಸ್ಲೈಡರನ್ನು 30ಕ್ಕೆ ಸರಿಸಿದರೆ ಹೊಂದಿಕೆ ತಪ್ಪುತ್ತದೆ. ಅದಕ್ಕೇ ಮೊದಲು ಸ್ಲೈಡರ್, ಆಮೇಲೆ ಪ್ರೊಫೈಲ್. ಪ್ರೊಫೈಲ್ ಕೆಲಸ ಮಾಡುವುದು ಪರದೆಗೆ ಹೋಗುವ ಒಟ್ಟು ಚಿತ್ರದ ಮೇಲಾದ್ದರಿಂದ ಅಸಲಿ ಎಚ್‌ಡಿಆರ್ ಸಿನಿಮಾದ ನೆರಳುಗಳನ್ನೂ ಅದು ಕಪ್ಪಾಗಿಸುತ್ತದೆ. ಸಿನಿಮಾ ನೋಡುವಾಗ ಅದನ್ನು ತೆಗೆದಿಡಬೇಕು.

ಒಳ್ಳೆಯ ಓಲೆಡ್ ಅಥವಾ ನೂರಾರು ಭಾಗಗಳ ಬ್ಯಾಕ್‌ಲೈಟ್ ಇರುವ ಮಾನಿಟರ್ ಆದರೆ ಇಷ್ಟು ಹೊಂದಿಸಿ ಎಚ್‌ಡಿಆರ್ ಸದಾ ಹತ್ತಿಸಿಯೇ ಇಡಬಹುದು. ಕಪ್ಪು ಚಿತ್ರದ ಪರೀಕ್ಷೆಯಲ್ಲಿ ಬೂದಾದ ಮಾನಿಟರ್ ಆದರೆ ದಿನದ ಕೆಲಸಕ್ಕೆ ಎಸ್‌ಡಿಆರ್, ಸಿನಿಮಾ ಇಲ್ಲವೇ ಆಟ ಶುರುವಾಗುವ ಮುಂಚೆ ಒಂದು ಸಲ Win+Alt+B, ಮುಗಿದ ಮೇಲೆ ಇನ್ನೊಂದು ಸಲ. ಸ್ಲೈಡರ್ ಎಲ್ಲಿ ನಿಲ್ಲಿಸಿದ್ದೆವು ಎಂಬುದನ್ನು ವಿಂಡೋಸ್ ನೆನಪಿಟ್ಟುಕೊಂಡಿರುತ್ತದೆ.