ಮೊದಲ ಮನೆ ಖಾಲಿ, ಆಮೇಲೆ ‘ಳಿಗೆ’

ಪದಬಂಧದಲ್ಲಿ ಅಡ್ಡಕ್ಕೆ ಮೂರು ಮನೆ. ಎರಡನೆಯದರಲ್ಲಿ ‘ಳಿ’, ಮೂರನೆಯದರಲ್ಲಿ ‘ಗೆ’. ಎರಡೂ ಮೇಲಿನಿಂದ ಇಳಿದ ಪದಗಳಿಂದ ಆಗಲೇ ಬಂದು ಕೂತಿವೆ. ಸುಳಿವು: ‘ಜೋಗಿಯ ಹೆಗಲಲ್ಲಿ ತೂಗುವುದು’. ಬಾಯಿಗೆ ಬಂದೂ ಬರದಂತಿರುವ ಈ ಪದವನ್ನು ಕಂಪ್ಯೂಟರಿನ ಪದಪಟ್ಟಿಯಿಂದ ಹೆಕ್ಕುವುದು ಹೇಗೆ?

ಪಟ್ಟಿ ಎಂದರೆ ಸಾಲಿಗೊಂದು ಪದವಿರುವ ಸಾದಾ ಕಡತ, ಅಷ್ಟೇ. ಅದರಲ್ಲಿ ಹುಡುಕಲು ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1970ರ ದಶಕದಲ್ಲಿ ಬರೆದ grep ಎಂಬ ಆದೇಶ ಇಂದಿಗೂ ಬಳಕೆಯಲ್ಲಿದೆ. ಅದರ ಭಾಷೆಯಲ್ಲಿ ^ ಪದದ ಆರಂಭ, $ ಕೊನೆ, ಚುಕ್ಕಿ ಎಂದರೆ ‘ಇಲ್ಲಿ ಯಾವುದಾದರೂ ಒಂದು’. ಇಂಗ್ಲಿಷಿನಲ್ಲಿ `^c.t$` ಎಂದರೆ cat, cot, cut ಮೂರೂ ಸಾಲಾಗಿ ಬರುತ್ತವೆ. ಹಾಗಾದರೆ ನಮ್ಮ ಪದಕ್ಕೆ `^.ಳಿಗೆ$` ಸಾಕಲ್ಲವೇ?

ಸಾಲದು. ಏಳಿಗೆ, ಈಳಿಗೆ, ಘಳಿಗೆ ಸಿಗುತ್ತವೆ. ಹೋಳಿಗೆ, ಮಾಳಿಗೆ, ಪೀಳಿಗೆ, ಗುಳಿಗೆ ಪಟ್ಟಿಯಲ್ಲಿದ್ದರೂ ಸಿಗುವುದಿಲ್ಲ. ಕಾರಣ ಯೂನಿಕೋಡ್ ಕನ್ನಡವನ್ನು ಬರೆದಿಡುವ ರೀತಿಯಲ್ಲಿದೆ. ನಮ್ಮ ಕಣ್ಣಿಗೆ ‘ಹೋ’ ಒಂದೇ ಅಕ್ಷರ, ಪದಬಂಧದಲ್ಲೂ ಅದಕ್ಕೆ ಒಂದೇ ಮನೆ. ಕಂಪ್ಯೂಟರಿಗೆ ಮಾತ್ರ ಅದು ‘ಹ’ ಮತ್ತು ಓತ್ವದ ಚಿಹ್ನೆ, ಎರಡು ಸಂಕೇತ. ಚುಕ್ಕಿ ಹಿಡಿಯುವುದು ಒಂದೇ ಸಂಕೇತವನ್ನು, ಹಾಗಾಗಿ ‘ಏ’ ಸಿಕ್ಕಿತು, ‘ಹೋ’ ತಪ್ಪಿಹೋಯಿತು. ಎರಡು ಚುಕ್ಕಿ ಇಟ್ಟು ನೋಡೋಣ ಎಂದರೆ ‘ಅರಳಿಗೆ’ಯಂಥ ನಾಲ್ಕು ಮನೆಯ ಪದವೂ ನುಗ್ಗುತ್ತದೆ. ಒತ್ತಕ್ಷರ ಬಂದರಂತೂ ಲೆಕ್ಕ ಇನ್ನಷ್ಟು ಕೆಡುತ್ತದೆ. ‘ತ್ರಿ’ ಒಂದೇ ಮನೆ, ಸಂಕೇತ ನಾಲ್ಕು: ತ, ಹಲಂತ ಚಿಹ್ನೆ, ರ, ಗುಡಿಸು.

ಮದ್ದು ಸರಳ. ಹುಡುಕುವ ಮೊದಲೇ ಪಟ್ಟಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿಟ್ಟುಕೊಳ್ಳಬೇಕು. ನಿಯಮ ಇಷ್ಟೇ: ಸ್ವರವಾಗಲಿ ವ್ಯಂಜನವಾಗಲಿ ಬಂದಾಗ ಅದರ ಹಿಂದೆ ಒಂದು ತೆರಪು ಬಿಡು, ಹಿಂದಿನದು ಹಲಂತ ಚಿಹ್ನೆಯಾಗಿದ್ದರೆ ಬಿಡಬೇಡ, ಅದು ಒತ್ತು.

```
perl -CSD -Mutf8 -pe 's/(?<=[^್])(?=[ಅ-ಹ])/ /g' pada.txt > bidi.txt
grep -E '^[^ ]+ ಳಿ ಗೆ$' bidi.txt
```

ಮೊದಲ ಸಾಲಿನಿಂದ ‘ಮಲ್ಲಿಗೆ’ ಎಂಬುದು ‘ಮ ಲ್ಲಿ ಗೆ’ ಆಗುತ್ತದೆ. ಎರಡನೆಯದರಲ್ಲಿ `[^ ]+` ಎಂದರೆ ಒಂದು ಮನೆ, ಅದರೊಳಗೆ ಸಂಕೇತ ಎಷ್ಟಾದರೂ ಇರಲಿ. ಈಗ ಹೋಳಿಗೆ, ಮಾಳಿಗೆ, ಪೀಳಿಗೆ, ಏಳಿಗೆಗಳ ಜೊತೆ ಜೋಳಿಗೆಯೂ ಬರುತ್ತದೆ, ಜೋಗಿಯ ಹೆಗಲಿಗೆ ಏನು ಬೇಕಿತ್ತೋ ಅದು.

ಇಂಗ್ಲಿಷಿನಲ್ಲಿ ಒಂದು ಅಕ್ಷರ ಗೊತ್ತಾದರೆ 26ರಲ್ಲಿ ಒಂದು ಗೊತ್ತಾದಂತೆ. ನಮ್ಮಲ್ಲಿ 34 ವ್ಯಂಜನಗಳ ಕಾಗುಣಿತವೇ ಐನೂರರ ಹತ್ತಿರ ಹೋಗುತ್ತದೆ, ಒತ್ತಕ್ಷರ ಬೇರೆ. ಆದ್ದರಿಂದ ಒಂದೇ ಮನೆ ತುಂಬಿದ್ದರೂ ಪಟ್ಟಿಯ ಬಹುಭಾಗ ಜರಡಿಯಲ್ಲಿ ಸೋರಿಹೋಗುತ್ತದೆ. ಕನ್ನಡ ಪದಬಂಧ ಕಷ್ಟ ಎನ್ನುವವರು ಈ ಅನುಕೂಲವನ್ನು ಮರೆಯುತ್ತಾರೆ.

ಯಾವ ಪಟ್ಟಿ ಎಂಬುದೂ ಮುಖ್ಯ. ಪತ್ರಿಕೆ, ವಿಕಿಪೀಡಿಯದ ಬರಹಗಳಿಂದ ಬಾಚಿದ ಪಟ್ಟಿಯಾದರೆ ‘ಗೆ’ಯಲ್ಲಿ ಮುಗಿಯುವ ಚತುರ್ಥಿ ವಿಭಕ್ತಿಯ ದಂಡೇ ಬರುತ್ತದೆ: ಗಾಳಿಗೆ, ಕೋಳಿಗೆ, ಚಳಿಗೆ, ತಾಳಿಗೆ. ಅವನ್ನು ಯಂತ್ರದಿಂದ ಸೋಸುವುದೂ ಸುಲಭವಲ್ಲ, ಏಕೆಂದರೆ ಹೋಳಿಗೆ ತಿನ್ನುವುದೂ ಹೌದು, ಹೋಳಿ ಹಬ್ಬಕ್ಕೆ ಎಂದೂ ಹೌದು. ನಿಘಂಟಿನ ಪಟ್ಟಿಯಲ್ಲಿ ಈ ಕಾಟ ಕಡಿಮೆ. ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನ ದತ್ತಾಂಶ ಮುಕ್ತವಾಗಿ ಸಿಗುತ್ತದೆ, ಅದರ ಪದಗಳನ್ನಷ್ಟೇ ತೆಗೆದುಕೊಂಡರೆ ಒಳ್ಳೆಯ ಪಟ್ಟಿಯಾಗುತ್ತದೆ. ಆದರೆ ಊರ ಹೆಸರು, ಸಿನಿಮಾ ಹೆಸರುಗಳಿಗೆ ನಿಘಂಟು ನಂಬಿ ಕೂತರೆ ಕೆಲಸ ಕೆಟ್ಟಿತು.

ಇನ್ನೊಂದು ಕಣ್ಣಿಗೆ ಕಾಣದ ತೊಡಕಿದೆ. ‘ಪೀ’ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, grep ಪಾಲಿಗೆ ಬೇರೆ ಬೇರೆ. ಪಟ್ಟಿಯಲ್ಲಿ ಕಣ್ಣೆದುರೇ ಇರುವ ಪದವನ್ನು ನೀವೇ ಟೈಪ್ ಮಾಡಿ ಹುಡುಕಿದಾಗ ‘ಇಲ್ಲ’ ಎಂದರೆ ತೊಂದರೆ ಇದೇ ಇರಬಹುದು. ಪಟ್ಟಿಯನ್ನು ಯೂನಿಕೋಡಿನ NFC ರೂಪಕ್ಕೆ ತಂದುಬಿಟ್ಟರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದೇ ಒಂದು ಪದ ಬರದಿದ್ದರೆ ಪಟ್ಟಿಯನ್ನು ಬೈಯುವ ಮುಂಚೆ ‘ಳಿ’ ಎಲ್ಲಿಂದ ಬಂತು ನೋಡಿ. ಮೇಲಿನಿಂದ ಕೆಳಕ್ಕೆ ತುಂಬಿದ ಪದವೇ ತಪ್ಪಾಗಿರಬಹುದು. ಅಲ್ಲಿ ಬೇಕಿದ್ದದ್ದು ‘ಲಿ’ ಆಗಿದ್ದರೆ ಉತ್ತರ ನಾಲಿಗೆಯೋ ಹೊಲಿಗೆಯೋ ಆಗಿರುತ್ತದೆ.