ಕೋಣೆಯ ಉಷ್ಣಾಂಶ ಎಂದರೆ ಎಷ್ಟು ಡಿಗ್ರಿ?

ಇಂಗ್ಲಿಷ್ ಪಾಕಪುಸ್ತಕದಲ್ಲಿ ಕೇಕಿಗೆ ಬೆಣ್ಣೆ ‘ಕೋಣೆಯ ಉಷ್ಣಾಂಶ’ದಲ್ಲಿರಲಿ ಎಂದಿರುತ್ತದೆ. ಪ್ರಯೋಗಾಲಯದ ಗಾಜಿನ ಫ್ಲಾಸ್ಕಿನ ಮೇಲೆ 20 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಮಾತ್ರೆಯ ಪಟ್ಟಿಯ ಹಿಂದೆ ‘30 ಡಿಗ್ರಿ ಮೀರದಂತೆ ಇಡಿ’ ಎಂಬ ಸೂಚನೆ. ಮೂರೂ ಒಂದೇ ಮನೆಯ ಮೇಜಿನ ಮೇಲೆ ಇರಬಹುದಾದ ವಸ್ತುಗಳು. ಆದರೂ ಲೆಕ್ಕ ಬೇರೆ ಬೇರೆ, ಏಕೆಂದರೆ ಬಿಸಿ ಹೆಚ್ಚಾದರೆ ಏನು ಕೆಡುತ್ತದೆ ಎಂಬುದು ಒಂದೊಂದರಲ್ಲಿ ಒಂದೊಂದು ಥರ.

ಬೆಣ್ಣೆಯಲ್ಲಿ ಕೆಡುವುದು ಅದರ ಹದ. ಚಳಿದೇಶದ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ಪುಸ್ತಕದ ಲೆಕ್ಕ ಸುಮಾರು 18ರಿಂದ 21 ಡಿಗ್ರಿ. ಆ ಬಿಸಿಯಲ್ಲಿ ಬೆಣ್ಣೆಯ ಕೊಬ್ಬು ಅರ್ಧ ಗಟ್ಟಿ, ಅರ್ಧ ಮೆತ್ತಗೆ. ಸಕ್ಕರೆಯೊಂದಿಗೆ ಕಡೆದಾಗ ಸಣ್ಣ ಗಾಳಿಗುಳ್ಳೆಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಕೇಕು ಹಗುರಾಗುವುದು ಅವುಗಳಿಂದ. ಮೇ ತಿಂಗಳ ಕಲಬುರಗಿಯಲ್ಲಿ ಬೆಣ್ಣೆಯನ್ನು ಹೊರಗಿಟ್ಟರೆ ಎಣ್ಣೆಯಂತೆ ಹರಿಯುತ್ತದೆ, ಗುಳ್ಳೆ ನಿಲ್ಲುವುದಿಲ್ಲ, ಕೇಕು ದಿಂಡಾಗುತ್ತದೆ. ಅಲ್ಲಿ ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಮೇಲ್ಮೈ ಮಾತ್ರ ಎಣ್ಣೆಯಂತೆ ಹೊಳೆಯಬಾರದು. ಅಡುಗೆಯಲ್ಲಿ ಥರ್ಮಾಮೀಟರಿಗಿಂತ ಈ ಗುರುತೇ ಉಪಯೋಗಕ್ಕೆ ಬರುತ್ತದೆ.

ಪ್ರಯೋಗಾಲಯದಲ್ಲಿ ಆತಂಕ ಹದದ್ದಲ್ಲ, ಅಳತೆಯದು. 20 ಡಿಗ್ರಿಯಲ್ಲಿ ಒಂದು ಲೀಟರ್ ಎಂದು ಗೆರೆ ಹಾಕಿದ ಫ್ಲಾಸ್ಕಿಗೆ 30 ಡಿಗ್ರಿಯ ನೀರನ್ನು ಅದೇ ಗೆರೆಯವರೆಗೆ ತುಂಬಿದರೆ, ನೀರು ಹಿಗ್ಗಿರುವುದರಿಂದ ತೂಕದಲ್ಲಿ ಸುಮಾರು ಎರಡೂವರೆ ಗ್ರಾಂ ಕಡಿಮೆ ಬೀಳುತ್ತದೆ. ಗಾಜೂ ಹಿಗ್ಗುತ್ತದೆ, ಆದರೆ ಅಷ್ಟಕ್ಕೆ ಸರಿದೂಗುವುದಿಲ್ಲ. ನಿಖರವಾದ ದ್ರಾವಣ ಮಾಡುವವರಿಗೆ ಇದು ದೊಡ್ಡ ತಪ್ಪು. ಆದ್ದರಿಂದ ಎಲ್ಲರೂ ಒಪ್ಪಿದ ಒಂದು ಅಂಕಿ ಬೇಕಾಯಿತು. ಉದ್ದದ ಅಳತೆಗೆ 20 ಡಿಗ್ರಿಯನ್ನು ಅಂತರರಾಷ್ಟ್ರೀಯ ತೂಕ-ಅಳತೆ ಸಮಿತಿ 1931ರಲ್ಲೇ ಒಪ್ಪಿಕೊಂಡಿತು. ಬಿಸಿಲಿನ ದೇಶಗಳಲ್ಲಿ ಅಷ್ಟು ತಂಪು ಕಾಯ್ದುಕೊಳ್ಳುವುದು ಖರ್ಚಿನ ಕೆಲಸ. ಹಾಗಾಗಿ ಭಾರತೀಯ ಮಾನಕಗಳು ಅನೇಕ ಪರೀಕ್ಷೆಗಳಿಗೆ 27 ಡಿಗ್ರಿಯನ್ನು ಗೊತ್ತುಮಾಡಿವೆ. ನಮ್ಮಲ್ಲಿ ಕಾಂಕ್ರೀಟ್ ಕ್ಯೂಬುಗಳನ್ನು ನೀರಿನಲ್ಲಿಟ್ಟು ಹದಗೊಳಿಸುವುದೂ ಅದರ ಆಸುಪಾಸಿನಲ್ಲೇ. ಇಲ್ಲಿ ಅಂಕಿ ಯಾವುದಿದ್ದರೂ ನಡೆಯುತ್ತದೆ, ಎಲ್ಲರೂ ಅದಕ್ಕೇ ಅಂಟಿಕೊಂಡಿರಬೇಕು ಅಷ್ಟೆ.

ಔಷಧಿಯ ಕಥೆ ಇವೆರಡಕ್ಕಿಂತ ಸೂಕ್ಷ್ಮ. ಅಲ್ಲಿ ಕೆಡುವುದು ನಿಧಾನ, ಎರಡು-ಮೂರು ವರ್ಷಗಳ ಮಾತು. ಅಮೆರಿಕದ ಔಷಧ ಸಂಹಿತೆ ಹೇಳುವ ನಿಯಂತ್ರಿತ ಕೋಣೆಯ ಉಷ್ಣಾಂಶ 20ರಿಂದ 25 ಡಿಗ್ರಿ. ನಡುನಡುವೆ 15ರಿಂದ 30ರವರೆಗೆ ಏರಿಳಿತವಾದರೂ ಸೈ. ಅದು ಇನ್ನೊಂದು ಷರತ್ತನ್ನೂ ಹಾಕುತ್ತದೆ: ಬರಿಯ ಸರಾಸರಿಯನ್ನು ನೋಡಿದರೆ ಸಾಲದು, ಬಿಸಿ ಗಂಟೆಗಳಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕಬೇಕು, ಅದು 25 ಮೀರಬಾರದು. ಏಕೆಂದರೆ ಬಿಸಿ ಏರಿದಂತೆ ರಾಸಾಯನಿಕ ಕ್ರಿಯೆ ನೇರ ಪ್ರಮಾಣದಲ್ಲಿ ಏರುವುದಿಲ್ಲ, ಜಿಗಿಯುತ್ತದೆ.

ಒಂದು ಗೋದಾಮು ಅರ್ಧ ಕಾಲ 20 ಡಿಗ್ರಿ, ಅರ್ಧ ಕಾಲ 30 ಡಿಗ್ರಿ ಇತ್ತು ಎನ್ನಿ. ಸಾಮಾನ್ಯ ಸರಾಸರಿ 25. ಆದರೆ ಈ ಲೆಕ್ಕಕ್ಕೆ ರೂಢಿಯಲ್ಲಿರುವ ಸೂತ್ರದ ಪ್ರಕಾರ 30ರಲ್ಲಿ ಔಷಧಿ ಕೆಡುವ ವೇಗ 20ರಲ್ಲಿ ಇದ್ದದ್ದರ ಸುಮಾರು ಮೂರು ಪಟ್ಟು. ಆ ತೂಕ ಕೊಟ್ಟು ನೋಡಿದರೆ ಗೋದಾಮಿನ ಲೆಕ್ಕ 26 ಡಿಗ್ರಿಗೂ ಮೇಲೆ ನಿಲ್ಲುತ್ತದೆ. ಸರಾಸರಿಯಲ್ಲಿ ಪಾಸಾದ ಗೋದಾಮು ಇಲ್ಲಿ ಫೇಲು. ರಾತ್ರಿಯ ತಂಪು ಮಧ್ಯಾಹ್ನದ ಬಿಸಿಯನ್ನು ಪೂರ್ತಿ ಅಳಿಸುವುದಿಲ್ಲ.

ಭಾರತದಲ್ಲಿ ಅನೇಕ ಪಟ್ಟಿಗಳ ಮೇಲೆ 30 ಕಾಣುವುದು ನಮ್ಮ ಹವೆಗಾಗಿ. ಬಿಸಿದೇಶಗಳಿಗೆ ಹೋಗುವ ಔಷಧಿಯನ್ನು ಕಂಪನಿಗಳು 30 ಡಿಗ್ರಿಯಲ್ಲಿ ದೀರ್ಘಕಾಲ ಇಟ್ಟು, ಬಾಳಿಕೆ ಪರೀಕ್ಷಿಸಿ ಎಕ್ಸ್‌ಪೈರಿ ದಿನಾಂಕ ಕೊಡುತ್ತವೆ. ಹೇಳಿದ ಉಷ್ಣಾಂಶದಲ್ಲಿ ಇಟ್ಟರೆ ಮಾತ್ರ ಆ ದಿನಾಂಕಕ್ಕೆ ಬೆಲೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಪಟ್ಟಿಗೆ ಅದು ಅನ್ವಯಿಸುವುದಿಲ್ಲ.

ಕೆಟ್ಟದ್ದು ಗೊತ್ತಾಗುವುದು ಹೇಗೆ? ಆಸ್ಪಿರಿನ್ ತೇವ-ಬಿಸಿಗೆ ಒಡೆದರೆ ವಿನೆಗರಿನ ವಾಸನೆ ಬರುತ್ತದೆ, ಜೆಲಟಿನ್ ಕ್ಯಾಪ್ಸೂಲುಗಳು ಒಂದಕ್ಕೊಂದು ಅಂಟುತ್ತವೆ. ಆದರೆ ಎಷ್ಟೋ ಮಾತ್ರೆಗಳು ಶಕ್ತಿ ಕಳೆದುಕೊಂಡರೂ ನೋಡಲು ಹೊಸದರಂತೆಯೇ ಇರುತ್ತವೆ. ಹಾಗೆಂದು ಎಲ್ಲವನ್ನೂ ಫ್ರಿಜ್ಜಿಗೆ ತುಂಬಬೇಡಿ. ಹೊರತೆಗೆದಾಗ ಡಬ್ಬಿಯೊಳಗೆ ನೀರ ಹನಿ ಕಟ್ಟಿ ಮಾತ್ರೆ ತೇವವಾಗಬಹುದು. 2ರಿಂದ 8 ಡಿಗ್ರಿ ಎಂದು ಬರೆದದ್ದು ಮಾತ್ರ ಅಲ್ಲಿರಲಿ. ಉಳಿದವಕ್ಕೆ ಒಲೆ, ಕಿಟಕಿ, ಬಚ್ಚಲುಮನೆಯಿಂದ ದೂರದ ಒಳಕೋಣೆಯ ಬೀರು ಸರಿ. ಬೇಸಿಗೆಯಲ್ಲಿ ಆ ಬೀರೂ 30 ದಾಟುವ ಊರಾದರೆ ಮೂರು ತಿಂಗಳ ಔಷಧಿ ಒಟ್ಟಿಗೆ ತರದೆ, ತಿಂಗಳಿಗೆ ಬೇಕಾದಷ್ಟೇ ತರುವುದು ಒಳ್ಳೆಯದು.